ಕಾಗುಣಿತ ಬಾಯಿಪಾಠ, ಓದು ಶೂನ್ಯ: ಡಿಸ್ಲೆಕ್ಸಿಯಾ ಇರುವ ಎಂಟು ವರ್ಷದ ಹುಡುಗನ ಪ್ರಕರಣ ಅಧ್ಯಯನ

ಸಂಜುಗೆ (ಹೆಸರು ಬದಲಿಸಿದ್ದೇನೆ) ಎಂಟು ವರ್ಷ ಮೂರು ತಿಂಗಳು. ಗದಗ ತಾಲ್ಲೂಕಿನ ಹಳ್ಳಿಯೊಂದರ ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂರನೇ ತರಗತಿ. ಶಾಲೆ ತಪ್ಪಿಸುವ ಹುಡುಗನಲ್ಲ, ಲೆಕ್ಕದಲ್ಲಿ ಹಿಂದಿಲ್ಲ, ಕೇಳಿದ ಕತೆಯನ್ನು ಹೆಸರು, ಊರು, ಮಾತುಕತೆ ಸಮೇತ ತಿರುಗಿ ಹೇಳಬಲ್ಲ. ಅವನ ಅವ್ವ ಮೊದಲ ದಿನ ಹೇಳಿದ್ದು ಇಷ್ಟು: "ಅಕ್ಕಾರ, ಕಾಗುಣಿತ ಒಂದ ಉಸಿರಿನ್ಯಾಗ ಹೇಳ್ತಾನ್ರೀ. ಪುಸ್ತಕ ತೆಗದು ಓದಂದ್ರ ಮಾತ್ರ ಸುಮ್ಮ ಕುಂದರ್ತಾನ. ಮನಿಯಾಗ ಹತ್ತ ಸಲ ಬರಸ್ತೀವಿ, ಆದ್ರೂ ಆಗವಲ್ದು."

ನನ್ನ ಬಳಿ ಬರುವ ಹೊತ್ತಿಗೆ ಕಿವಿ, ಕಣ್ಣಿನ ಪರೀಕ್ಷೆ ಮುಗಿದಿತ್ತು, ಎರಡರಲ್ಲೂ ತೊಂದರೆ ಇರಲಿಲ್ಲ. ಧಾರವಾಡದಲ್ಲಿ ಮನಃಶಾಸ್ತ್ರಜ್ಞರು ಪರೀಕ್ಷಿಸಿ, ಬುದ್ಧಿಶಕ್ತಿ ವಯಸ್ಸಿಗೆ ತಕ್ಕಂತಿದೆ, ತೊಂದರೆ ಇರುವುದು ಓದು ಮತ್ತು ಬರಹದಲ್ಲಿ ಎಂದು ವರದಿ ಕೊಟ್ಟಿದ್ದರು. ವರದಿಯಲ್ಲಿ ಡಿಸ್ಲೆಕ್ಸಿಯಾ ಎಂದು ಬರೆದಿರುವುದರಿಂದ ನಾಳೆ ಬೆಳಗ್ಗೆ ಏನು ಕಲಿಸಬೇಕು ಎಂಬುದು ಗೊತ್ತಾಗುವುದಿಲ್ಲ. ಅದನ್ನು ಕಂಡುಕೊಳ್ಳಲು ಬೇರೆಯೇ ಪರೀಕ್ಷೆ ಬೇಕು, ಅದು ಕನ್ನಡದ ಬರಹ ಹೇಗೆ ಕಟ್ಟಿಕೊಂಡಿದೆಯೋ ಹಾಗೆಯೇ ಇರಬೇಕು.

ಎಲ್ಲಿ ಕೊಂಡಿ ಕಳಚಿದೆ

ವರ್ಣಮಾಲೆಯ 49 ಅಕ್ಷರಗಳನ್ನು ಗೋಡೆಯ ಪಟದ ಕ್ರಮದಲ್ಲಿ ತೋರಿಸಿದಾಗ ಸಂಜು 44 ಹೇಳಿದ. ಅವೇ ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಕಲಸಿ ತೋರಿಸಿದಾಗ 31ಕ್ಕೆ ಇಳಿಯಿತು. ಪ, ವ, ಷ, ಮ ಒಂದಕ್ಕೊಂದು ಬದಲಾಗುತ್ತಿದ್ದವು. ಮಹಾಪ್ರಾಣಗಳನ್ನೂ ತಪ್ಪುತ್ತಿದ್ದ, ಆದರೆ ಅದನ್ನು ನಾನು ದೊಡ್ಡದು ಮಾಡಲಿಲ್ಲ. ಮನೆ ಮಾತಿನಲ್ಲಿ ಮಹಾಪ್ರಾಣ ಅಷ್ಟಾಗಿ ಕೇಳಿಬರದ ಮಗುವಿಗೆ ದ, ಧ ಬೇರೆಯೆಂದು ಕಿವಿ ಹೇಳಿಕೊಡುವುದಿಲ್ಲ.

ನಿಜವಾದ ತೊಡಕು ಗುಣಿತಾಕ್ಷರಗಳಲ್ಲಿತ್ತು. ಕಲಸಿದ 40 ಗುಣಿತಾಕ್ಷರಗಳಲ್ಲಿ ಸರಿಯಾದದ್ದು 11 ಮಾತ್ರ. "ಕೋ" ತೋರಿಸಿದರೆ ಬೆರಳು ಮಡಚುತ್ತ "ಕ, ಕಾ, ಕಿ, ಕೀ" ಎಂದು ಮೊದಲಿನಿಂದ ಪಠಿಸಿ, ಎಲ್ಲಿ ನಿಲ್ಲಬೇಕೋ ತಿಳಿಯದೆ ದಾಟಿ ಹೋಗುತ್ತಿದ್ದ. ಅವನಿಗೆ ಕಾಗುಣಿತ ಬರುತ್ತಿದ್ದುದು ಹಾಡಾಗಿ. ಗುಡಿಸು ಕಂಡರೆ "ಇ" ಎನ್ನಬೇಕು, ಕೊಂಬು ಕಂಡರೆ "ಉ" ಎನ್ನಬೇಕು ಎಂಬ ನಂಟು ಅವನಲ್ಲಿ ಕೂಡಿರಲೇ ಇಲ್ಲ. ಅವನಿಗೆ ಬಸ್ಸಿನ ಬೋರ್ಡುಗಳಲ್ಲಿ "ಗದಗ" ತಪ್ಪದೆ ಓದಲು ಬರುತ್ತಿತ್ತು, "ಹಾವೇರಿ" ಬರುತ್ತಿರಲಿಲ್ಲ. ಗದಗ ಎಂಬುದರಲ್ಲಿ ಇರುವುದು ಬರೀ ತಲೆಕಟ್ಟು.

ಪುಸ್ತಕ ಮುಚ್ಚಿಟ್ಟು ಬಾಯಿಮಾತಿನಲ್ಲಿ ಕೇಳಿದಾಗ ಕಾರಣ ಇನ್ನಷ್ಟು ಸ್ಪಷ್ಟವಾಯಿತು. "ಕಮಲ" ಎಂಬುದನ್ನು ಕ-ಮ-ಲ ಎಂದು ಚಪ್ಪಾಳೆ ಹೊಡೆದು ಬಿಡಿಸಬಲ್ಲ. ಆದರೆ "ಕಿ ಅನ್ನು, ಕೊನೆಗೆ ಬಾಯಾಗ ಯಾವ ಸಪ್ಪಳ ಉಳೀತು?" ಎಂದರೆ ಹತ್ತರಲ್ಲಿ ಎರಡಕ್ಕೆ ಮಾತ್ರ ಸರಿ ಉತ್ತರ. ಅಕ್ಷರದೊಳಗೆ ವ್ಯಂಜನವೊಂದು, ಸ್ವರವೊಂದು ಕೂಡಿಕೊಂಡಿವೆ ಎಂಬುದು ಅವನ ಕಿವಿಗೆ ಬಿದ್ದಿರಲಿಲ್ಲ. ಕನ್ನಡ ಕಲಿಯುವ ಎಲ್ಲ ಮಕ್ಕಳಲ್ಲೂ ಈ ಅರಿವು ನಿಧಾನವಾಗಿಯೇ ಬರುತ್ತದೆ. ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ ಎಂದು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಹಾಗಾಗಿ "ಮೂರನೇತ್ತಾ ಆದ್ರೂ ಬರವಲ್ದು" ಎಂಬುದಷ್ಟೇ ಆಧಾರವಾಗದು. ಅದೇ ತರಗತಿಯಲ್ಲಿ ಓದಿನಲ್ಲಿ ನಡುಮಟ್ಟದ ಮೂವರು ಮಕ್ಕಳನ್ನು ಆರಿಸಿಕೊಡಲು ಶಿಕ್ಷಕರಲ್ಲಿ ಕೇಳಿಕೊಂಡೆ. ಒಂದು ನಿಮಿಷದಲ್ಲಿ ಕಲಸಿದ ಗುಣಿತಾಕ್ಷರಗಳನ್ನು ಅವರು ಸರಿಯಾಗಿ ಓದಿದ್ದು 34, 38 ಮತ್ತು 41. ಸಂಜು ಮೂರು ಬೇರೆ ಬೇರೆ ದಿನ ಓದಿದ್ದು 9, 11, 10. ಅಂತರ ಎಷ್ಟೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಬೇಕಿರಲಿಲ್ಲ. ಮೂರು ದಿನದ ನಡುವಣ ಅಂಕೆ 10, ಅದೇ ನಮ್ಮ ಆರಂಭದ ಗೆರೆ.

ಕಾಗುಣಿತವನ್ನು ಅಡ್ಡ ಬಿಟ್ಟು ಉದ್ದ ಕಲಿಸಿದ್ದು

ಶಾಲೆಯಲ್ಲಿ ಕಾಗುಣಿತ ಕಲಿಸುವುದು ಅಡ್ಡಸಾಲಿನಲ್ಲಿ. ಒಂದು ವ್ಯಂಜನ ಹಿಡಿದು ಎಲ್ಲ ಸ್ವರ ಮುಗಿಸಿ ಮುಂದಿನ ವ್ಯಂಜನಕ್ಕೆ ಹೋಗುತ್ತಾರೆ. ಬಹಳಷ್ಟು ಮಕ್ಕಳು ಆ ಪಠಣದೊಳಗಿನ ನಿಯಮವನ್ನು ತಾವೇ ಹೆಕ್ಕಿಕೊಳ್ಳುತ್ತಾರೆ. ಸಂಜುವಿನಂಥ ಮಗು ಹೆಕ್ಕುವುದಿಲ್ಲ, ಅದನ್ನು ಬಿಡಿಸಿ ಕೈಗೆ ಕೊಡಬೇಕು. ಅದಕ್ಕೆ ನಾವು ಕಾಗುಣಿತದ ಪಟವನ್ನು ಮೇಲಿಂದ ಕೆಳಕ್ಕೆ ಹಿಡಿದೆವು. ಒಂದು ಸಲಕ್ಕೆ ಒಂದೇ ಸ್ವರಚಿಹ್ನೆ, ಅದನ್ನು ಗೊತ್ತಿರುವ ಎಲ್ಲ ವ್ಯಂಜನಗಳಿಗೂ ಹಚ್ಚುವುದು: ಕಾ, ಗಾ, ಬಾ, ಮಾ, ರಾ, ಲಾ. ಹೀಗೆ ಮಾಡಿದಾಗ ಬದಲಾಗುವುದು ವ್ಯಂಜನ, ನಿಲ್ಲುವುದು ಇಳಿ ಮತ್ತು ಅದರ "ಆ" ಸಪ್ಪಳ. ಪಠಣದ ಊರುಗೋಲು ಇಲ್ಲಿ ಕೆಲಸಕ್ಕೆ ಬಾರದು, ಚಿಹ್ನೆಯನ್ನು ನೋಡಲೇಬೇಕು.

ಮೊದಲ ಹಂತಕ್ಕೆ ಎಂಟು ವ್ಯಂಜನ ಆರಿಸಿದೆ: ಕ, ಗ, ಬ, ಮ, ರ, ಲ, ಸ, ದ. ಮ ಇದ್ದುದರಿಂದ ವ, ಪ ಬೇಡ, ಸ ಇದ್ದುದರಿಂದ ನ ಬೇಡ. ಹೋಲುವ ಅಕ್ಷರಗಳಲ್ಲಿ ಒಂದು ಗಟ್ಟಿಯಾದ ಮೇಲೆಯೇ ಇನ್ನೊಂದು ಬರಬೇಕು. ಚಿಹ್ನೆಗಳ ಕ್ರಮ: ಮೊದಲು ಇಳಿ, ಆಮೇಲೆ ಗುಡಿಸು, ಕೊಂಬು, ನಂತರ ಎತ್ವ, ಒತ್ವ. ಇಳಿಯ ಹೊರತು ಉಳಿದ ದೀರ್ಘಗಳೆಲ್ಲ ಹ್ರಸ್ವ ನಿಂತ ಮೇಲೆ, ಸೊನ್ನೆ ಅದರಾಚೆ, ಒತ್ತಕ್ಷರ ಎಲ್ಲಕ್ಕಿಂತ ಕೊನೆಗೆ. ಗುಡಿಸು ಮತ್ತು ಎತ್ವದ ನಡುವೆ ಬೇಕೆಂದೇ ಕೊಂಬು ಇಟ್ಟೆ. ಇ, ಎ ಎರಡೂ ಬಾಯಲ್ಲಿ ಹತ್ತಿರ ಹುಟ್ಟುವ ಸ್ವರಗಳು, ಎರಡರ ಚಿಹ್ನೆಯೂ ಅಕ್ಷರದ ತಲೆಯ ಮೇಲೆಯೇ ಕೂರುತ್ತದೆ.

ವಾರಕ್ಕೆ ನಾಲ್ಕು ದಿನ, ದಿನಕ್ಕೆ 40 ನಿಮಿಷ, ನಾನು ಮತ್ತು ಅವನು ಇಬ್ಬರೇ. ಪಾಠದ ಮೊದಲ ಐದು ನಿಮಿಷ ಅಕ್ಷರವೇ ಇಲ್ಲ, ಬರೀ ಸಪ್ಪಳ. ಹುಣಸೆಬೀಜ ವ್ಯಂಜನಕ್ಕೆ, ಶೇಂಗಾಬೀಜ ಸ್ವರಕ್ಕೆ. ನಾನು "ಮಿ" ಎನ್ನುತ್ತೇನೆ, ಅವನು ಹುಣಸೆಬೀಜ ಸರಿಸಿ ತುಟಿ ಮುಚ್ಚಿ "ಮ್" ಎನ್ನುತ್ತಾನೆ, ಶೇಂಗಾ ಸರಿಸಿ "ಇ" ಎನ್ನುತ್ತಾನೆ, ಎರಡರ ಕೆಳಗೂ ಬೆರಳೆಳೆದು "ಮಿ" ಎಂದು ಕೂಡಿಸುತ್ತಾನೆ. ದೀರ್ಘ ಬಂದಾಗ ಎರಡು ಶೇಂಗಾ. ಆಮೇಲೆ ಐದು ನಿಮಿಷ ಕಲಿತ ಚೀಟಿಗಳ ಪುನರಾವರ್ತನೆ, ಹತ್ತು ನಿಮಿಷ ಹೊಸ ಚಿಹ್ನೆ, ಹತ್ತು ನಿಮಿಷ ಪದ ಮತ್ತು ವಾಕ್ಯ ಓದು, ಉಳಿದ ಹತ್ತು ನಿಮಿಷ ಉಕ್ತಲೇಖನ.

ಓದಲು ಕೊಡುವ ಪದಗಳ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಕಲಿಸದ ಚಿಹ್ನೆ ಒಂದೂ ಅದರಲ್ಲಿ ನುಸುಳಬಾರದು. ನುಸುಳಿದರೆ ಮಗು ಮತ್ತೆ ಊಹೆಗೆ ಬೀಳುತ್ತದೆ. ಸಂಜುವಿಗೆ ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸುವ ಚಾಳಿ ಬಲವಾಗಿತ್ತು. ಇಳಿ ಕಲಿತ ವಾರ ಬಾಲ, ದಾರ, ಸಾಲ, ರಾಗ. ಗುಡಿಸು ಬಂದ ಮೇಲೆ ಮರಿ, ಬಿಸಿ, ದಾರಿ, ಸಾಲಿ. ಕೊಂಬು ಸೇರಿದ ಮೇಲೆ ಒಂದಿಡೀ ವಾಕ್ಯ ಸಾಧ್ಯವಾಯಿತು: "ಬಾಗಿಲು ಸರಿಸಿದ ರಾಮು ಕುರಿಮರಿಗಾಗಿ ಕಾದ." ಜತೆಗೆ ಪ್ರತಿದಿನ ಅರ್ಥವಿಲ್ಲದ ಐದಾರು ಪದ: ರಿಬು, ಲುದ, ಕಾಸಿಲು. ಇವನ್ನು ಊಹಿಸಿ ಓದಲಾಗದು. ಸರಿಯಾಗಿ ಓದಿದರೆ ಚಿಹ್ನೆ ನೋಡಿಯೇ ಓದಿದ ಎಂದು ಧೈರ್ಯವಾಗಿ ಹೇಳಬಹುದು.

ಒಂದು ಚಿಹ್ನೆಯಿಂದ ಮುಂದಿನದಕ್ಕೆ ಹೋಗಲು ನಿಯಮ ಇಷ್ಟೇ. ಅರ್ಥವಿಲ್ಲದ ಪದಗಳೂ ಸೇರಿದ 20 ಪದಗಳಲ್ಲಿ 18 ಸರಿಯಿರಬೇಕು, ಮೂರು ದಿನ ಬಿಟ್ಟು ಕೇಳಿದಾಗಲೂ ಅಷ್ಟೇ ಬರಬೇಕು. ಮೊದಲ ದಿನ 18 ಬಂದು ಮೂರು ದಿನಕ್ಕೆ 12 ಆದರೆ ಅದು ಕಲಿತಂತಲ್ಲ.

ಮನೆಯಲ್ಲಿ ಹತ್ತು ಸಲ ಬರೆಸುವುದನ್ನು ನಿಲ್ಲಿಸಲು ಅವನ ಅವ್ವನಿಗೆ ಹೇಳಿದೆ. ಅದರ ಬದಲು ಸಂಜೆ ಹತ್ತು ನಿಮಿಷ, ಆ ದಿನ ನಾನು ಕಳಿಸಿದ ಚೀಟಿಗಳಷ್ಟೇ. ಶಾಲೆಯ ಪಾಠವನ್ನು ಅವರೇ ಓದಿ ಹೇಳಬೇಕು, ಅವನು ಕೇಳಬೇಕು. ಓದು ಬರುವತನಕ ಪಾಠದ ವಿಷಯ ತಪ್ಪಬಾರದಲ್ಲ. ಶಾಲೆಯಲ್ಲಿ ಶಿಕ್ಷಕರು ಅವನನ್ನು ಎಲ್ಲರೆದುರು ನಿಲ್ಲಿಸಿ ಗಟ್ಟಿಯಾಗಿ ಓದಿಸುವುದನ್ನು ಬಿಟ್ಟು, ಉತ್ತರಗಳನ್ನು ಬಾಯಿಯಲ್ಲಿ ಕೇಳಲು ಒಪ್ಪಿದರು.

ಶುಕ್ರವಾರದ ಒಂದು ನಿಮಿಷ

ಪ್ರಗತಿಯ ಅಳತೆ ಪ್ರತಿ ಶುಕ್ರವಾರ, ಪಾಠಕ್ಕೂ ಮುಂಚೆ. ಪಾಠ ಮುಗಿದ ಮೇಲೆ ಅಳೆದರೆ ಆ ಹೊತ್ತಿನ ಬಿಸಿಯೇ ಅಂಕೆಯಲ್ಲಿ ಕಾಣುತ್ತದೆ. ಹಾಳೆಯೊಂದರಲ್ಲಿ 50 ಗುಣಿತಾಕ್ಷರ. ಇನ್ನೂ ಕಲಿಸದ ಚಿಹ್ನೆಗಳೂ ಅದರಲ್ಲಿ ಇರುತ್ತವೆ, ಏಕೆಂದರೆ ಅಳೆಯಬೇಕಾದ್ದು ಇಡೀ ಹಾದಿಯನ್ನು. ಪ್ರತಿ ವಾರ ಬೇರೆ ಹಾಳೆ, ಆದರೆ ಪ್ರತಿ ಹಾಳೆಯಲ್ಲೂ ಒಂದೊಂದು ಚಿಹ್ನೆ ಅಷ್ಟಷ್ಟೇ ಸಲ ಬರಬೇಕು, ಇಲ್ಲದಿದ್ದರೆ ಸುಲಭದ ಹಾಳೆ ಬಂದ ವಾರ ಮಗು ಸುಧಾರಿಸಿದಂತೆ ಕಾಣುತ್ತದೆ. ಒಂದು ನಿಮಿಷದಲ್ಲಿ ಸರಿ ಎಷ್ಟು, ತಪ್ಪು ಎಷ್ಟು, ಎರಡನ್ನೂ ಬರೆದುಕೊಳ್ಳುತ್ತೇನೆ. ಗಡಿಬಿಡಿಯಲ್ಲಿ ಸರಿಯ ಸಂಖ್ಯೆ ಏರಿ ತಪ್ಪೂ ಏರಿದರೆ ಅದು ಪ್ರಗತಿಯಲ್ಲ.

ಇದರ ಜತೆಗೆ ಎಂದೂ ಅಭ್ಯಾಸ ಮಾಡಿಸದ ಹತ್ತು ಪದ. ಮಾಡಿಸಿದ ಪದಗಳನ್ನಷ್ಟೇ ಕೇಳಿದರೆ ನೆನಪಿನ ಪರೀಕ್ಷೆಯಾದೀತು. ಮತ್ತೆ ಹತ್ತು ಪದಗಳ ಉಕ್ತಲೇಖನ, ಅದಕ್ಕೆ ಅಂಕ ಪದಕ್ಕಲ್ಲ, ಅಕ್ಷರಕ್ಕೆ. "ಬಾಗಿಲು" ಎಂಬುದನ್ನು "ಬಗಿಲು" ಎಂದು ಬರೆದರೆ ಮೂರರಲ್ಲಿ ಎರಡು ಅಂಕ, ಪಕ್ಕದಲ್ಲಿ "ಇಳಿ ಬಿಟ್ಟ" ಎಂಬ ಟಿಪ್ಪಣಿ. ಶಾಲೆಯ ಲೆಕ್ಕದಲ್ಲಿ ಅದು ಸೊನ್ನೆ. ಮೂರು ತಿಂಗಳು ಸೊನ್ನೆಯೇ ಬರುತ್ತಿದ್ದರೆ ಒಳಗೆ ನಡೆಯುತ್ತಿರುವ ಬದಲಾವಣೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಗ್ರಾಫ್ ಹಾಳೆಯಲ್ಲಿ 10ರಿಂದ ಹೊರಟು ಇಪ್ಪತ್ತನೇ ವಾರಕ್ಕೆ 30 ಮುಟ್ಟುವ ಗುರಿಗೆರೆ ಎಳೆದೆ, ಅಂದರೆ ವಾರಕ್ಕೆ ಒಂದು ಅಕ್ಷರ ಹೆಚ್ಚಬೇಕು. ಗೆಳೆಯರ 38ನ್ನು ಮೊದಲ ಸುತ್ತಿನಲ್ಲೇ ಮುಟ್ಟಿಸುತ್ತೇನೆಂದು ಹೊರಡುವುದು ಮಗುವಿಗೂ ಮನೆಯವರಿಗೂ ಅನ್ಯಾಯ. ಸತತ ನಾಲ್ಕು ವಾರ ಚುಕ್ಕೆ ಗೆರೆಯ ಕೆಳಗೆ ಬಿದ್ದರೆ ಕಲಿಸುವ ರೀತಿ ಬದಲಾಗಬೇಕು, ನಾಲ್ಕೂ ಮೇಲಿದ್ದರೆ ಗುರಿ ಏರಬೇಕು. ಒಂದು ವಾರ ಕೆಳಗಿಳಿದರೆ ಏನೂ ಮಾಡುವುದಿಲ್ಲ. ಹಿಂದಿನ ರಾತ್ರಿ ಜಾತ್ರೆಯ ನಾಟಕ ನೋಡಿ ಬಂದ ಮಗುವಿನ ಅಂಕೆಯೂ ಇಳಿಯುತ್ತದೆ. ಬಾರದ ವಾರಕ್ಕೆ ಸೊನ್ನೆ ಹಾಕಬಾರದು, ಜಾಗ ಖಾಲಿ ಬಿಡಬೇಕು.

ನಾಲ್ಕು ಚುಕ್ಕೆ ಕೆಳಗೆ ಬಿದ್ದಾಗ

ಮೊದಲ ಆರು ವಾರ 11, 13, 14, 15, 15, 17. ಗೆರೆಯ ಜತೆಗೇ ನಡೆದಿತ್ತು. ಏಳನೇ ವಾರ ಎತ್ವ ಶುರುವಾಯಿತು. ಅಲ್ಲಿಂದ 15, 16, 15, 15. ಗೆರೆಯ ಪ್ರಕಾರ ಹತ್ತನೇ ವಾರಕ್ಕೆ 20 ಇರಬೇಕಿತ್ತು.

ಒಟ್ಟು ಅಂಕೆ ಇಷ್ಟನ್ನೇ ಹೇಳುತ್ತದೆ: ನಿಂತುಹೋಗಿದೆ. ಏಕೆ ಎಂಬುದು ತಪ್ಪುಗಳ ಪಟ್ಟಿಯಲ್ಲಿತ್ತು. ಆ ನಾಲ್ಕು ವಾರದ 44 ತಪ್ಪುಗಳಲ್ಲಿ 25 ಗುಡಿಸು ಮತ್ತು ಎತ್ವದ ಅದಲುಬದಲು. ಇಲ್ಲಿ ನಮ್ಮ ಭಾಗದಲ್ಲಿ ಕಲಿಸುವವರು ಒಂದು ಸಂಗತಿ ಬಿಡಿಸಿ ನೋಡಲೇಬೇಕು. ನಮ್ಮ ಮಾತಿನಲ್ಲಿ ಮನೆ ಮನಿಯಾಗುತ್ತದೆ, ತಲೆ ತಲಿಯಾಗುತ್ತದೆ, ಕೆರೆ ಕೆರಿಯಾಗುತ್ತದೆ. ಮಗು "ಮನೆ" ನೋಡಿ "ಮನಿ" ಎಂದರೆ ಅದು ಓದಿನ ತಪ್ಪೇ ಅಲ್ಲ, ಮನೆಮಾತಿನಲ್ಲಿ ಓದಿದೆ ಅಷ್ಟೇ. ಅದಕ್ಕೆ ಅಂಕ ಕಳೆದರೆ ಮಗುವಿನ ಮಾತನ್ನೇ ರೋಗ ಎಂದಂತೆ. ಹಾಗಾದರೆ ಸಂಜುವಿನ ಈ 25 ಯಾವ ಬಗೆಯವು?

ಗುರುತಿಸಲು ಎರಡು ದಾರಿ ಇವೆ. ನಮ್ಮ ಮಾತಿನಲ್ಲಿ ಎ ಇ ಆಗುವುದು ಪದದ ಕೊನೆಯಲ್ಲಿ. ಕೆರಿ ಎನ್ನುತ್ತೇವೆ, ಕಿರಿ ಎನ್ನುವುದಿಲ್ಲ, ಮೊದಲಕ್ಷರದ ಎತ್ವ ಹಾಗೇ ಉಳಿಯುತ್ತದೆ. ಎರಡನೆಯದು ದಿಕ್ಕು. ಮನೆಮಾತು ಎ ಅನ್ನು ಇ ಮಾಡುತ್ತದೆ, ಇ ಅನ್ನು ಎ ಮಾಡುವುದಿಲ್ಲ. ಸಂಜುವಿನ ತಪ್ಪುಗಳನ್ನು ಹರಡಿ ನೋಡಿದರೆ "ಕೆಸರು" ಅವನ ಬಾಯಲ್ಲಿ "ಕಿಸರು" ಆಗಿತ್ತು, "ಗಿಡ" ಎಂಬುದು "ಗೆಡ" ಆಗಿತ್ತು. ಎರಡೂ ಮನೆಮಾತಿನಿಂದ ಬರುವಂಥವಲ್ಲ. ಅವನ ಕಣ್ಣಿಗೆ ಎರಡು ಚಿಹ್ನೆಗಳೂ ತಲೆಯ ಮೇಲಿನ ಯಾವುದೋ ಒಂದು ಸುಳಿ, ಕಿವಿಗೆ ಎರಡು ಸ್ವರಗಳೂ ಒಂದೇ. ಹೊಸ ಚಿಹ್ನೆ ಬಂದು ಹಳೆಯ ಗುಡಿಸನ್ನೂ ಅಲುಗಾಡಿಸಿತ್ತು.

ಹನ್ನೊಂದನೇ ವಾರ ಎತ್ವದ ಓದನ್ನು ಪೂರ್ತಿ ನಿಲ್ಲಿಸಿ ಕಿವಿ ಮತ್ತು ಬಾಯಿಗೆ ಮರಳಿದೆವು. ಚಿತ್ರಗಳನ್ನು ಎರಡು ಬುಟ್ಟಿಗೆ ಹಾಕುವುದು: ಗಿಣಿ, ಕಿವಿ, ಹಿಟ್ಟು ಒಂದರಲ್ಲಿ, ಗೆಣಸು, ಕೆಸರು, ಮೆಣಸು ಇನ್ನೊಂದರಲ್ಲಿ. ಗದ್ದದ ಕೆಳಗೆ ಬೆರಳಿಟ್ಟುಕೊಂಡು ಇ, ಎ ಅಂದಾಗ ಎ ಬಂದಲ್ಲಿ ಗದ್ದ ಕೆಳಗಿಳಿಯುತ್ತದೆ. ಸಂಜು ಇದನ್ನು ಕನ್ನಡಿಯಲ್ಲಿ ನೋಡಿಕೊಂಡು, "ಅಕ್ಕಾರ, ಇದಕ್ಕ ಬಾಯಿ ತೆಗೀತೈತಿ" ಎಂದ. ಆ ಮಾತನ್ನೇ ನಾವು ಎತ್ವಕ್ಕೆ ಹೆಸರಾಗಿಟ್ಟುಕೊಂಡೆವು: ಬಾಯಿ ತೆಗಿಯೋ ಚಿಹ್ನೆ. ಬುಟ್ಟಿಯ ಆಟದಲ್ಲಿ 20ಕ್ಕೆ 18 ಬಂದ ಮೇಲೆ ಅಕ್ಷರ ತಂದೆ. ಗುಡಿಸು ಕೆಂಪು, ಎತ್ವ ನೀಲಿ, ಉಳಿದದ್ದು ಕಪ್ಪು. ಎರಡು ವಾರದಲ್ಲಿ ಬಣ್ಣ ತೆಳುಮಾಡುತ್ತ ಪೂರ್ತಿ ಕಪ್ಪಿಗೆ ಬಂದೆವು. ಬಣ್ಣ ಉಳಿಸಿಕೊಂಡರೆ ಮಗು ಓದುವುದು ಬಣ್ಣವನ್ನೇ ಹೊರತು ಆಕಾರವನ್ನಲ್ಲ.

ಗ್ರಾಫಿನಲ್ಲಿ ಹತ್ತನೇ ವಾರದ ಬಳಿ ಕಡ್ಡಿಗೆರೆಯೊಂದನ್ನು ನಿಲ್ಲಿಸಿ, 15ರಿಂದ 30ಕ್ಕೆ ಹೊಸ ಗುರಿಗೆರೆ ಎಳೆದೆ. ಮುಂದಿನ ಮೂರು ವಾರ 17, 19, 22. ಅದಾದ ಮೇಲೆ ದಸರಾ ರಜೆ. ರಜೆ ಮುಗಿಸಿ ಬಂದಾಗ ಅಂಕೆ 18ಕ್ಕೆ ಇಳಿದಿತ್ತು. ಅವನ ಅವ್ವ ಗಾಬರಿಯಾದರು, ನಾನು ಆಗಲಿಲ್ಲ. ತಪ್ಪುಗಳ ಸಂಖ್ಯೆ ಏರಿರಲಿಲ್ಲ, ಓದಿದ ಅಕ್ಷರಗಳೇ ಕಡಿಮೆಯಾಗಿದ್ದವು. ಕಲಿತದ್ದು ಉಳಿದಿದೆ, ವೇಗ ಮಾತ್ರ ತುಕ್ಕು ಹಿಡಿದಿದೆ ಎಂದರ್ಥ. ಮುಂದಿನ ಶುಕ್ರವಾರ 23 ಬಂತು.

ಇಪ್ಪತ್ತನೇ ವಾರದಲ್ಲಿ

ಒಂದು ನಿಮಿಷಕ್ಕೆ ಸರಿ 29, ತಪ್ಪು 4. ಶುರುವಿನಲ್ಲಿ ಸರಿ 10, ತಪ್ಪು 14 ಇತ್ತು. ಅಭ್ಯಾಸ ಮಾಡಿಸದ ಪದಗಳಲ್ಲಿ ಹತ್ತಕ್ಕೆ 3 ಇದ್ದದ್ದು 8 ಆಗಿದೆ. ಅರ್ಥವಿಲ್ಲದ 20 ಪದಗಳಲ್ಲಿ 4ರಿಂದ 13ಕ್ಕೆ ಬಂದಿದ್ದಾನೆ. ಈ ಕೊನೆಯ ಅಂಕೆಯೇ ನನಗೆ ಮುಖ್ಯ, ಅದು ಇನ್ನೂ ಸಾಲದು. ಪಠ್ಯಪುಸ್ತಕವನ್ನು ಅವನು ಇನ್ನೂ ಸರಾಗವಾಗಿ ಓದಲಾರ, ಏಕೆಂದರೆ ಒತ್ತಕ್ಷರವಿಲ್ಲದ ಕನ್ನಡ ವಾಕ್ಯ ಸಿಗುವುದೇ ಅಪರೂಪ.

ಒತ್ತಕ್ಷರದ ತೊಡಕು ಬೇರೆ ಬಗೆಯದು. "ಬಸ್ತಿ" ಎಂಬುದನ್ನು ಸಂಜು "ಬಸಿತ" ಎಂದು ಓದುತ್ತಾನೆ. ಕಣ್ಣಿಗೆ ಕಾಣುವುದು ಹಾಗೆಯೇ: ಗುಡಿಸು ಇರುವುದು ಸಕಾರದ ತಲೆಯ ಮೇಲೆ, ತ ಒತ್ತು ಕೆಳಗೆ. ಸಪ್ಪಳದಲ್ಲಿ ಮಾತ್ರ ಸ್, ತ್, ಇ ಎಂಬ ಕ್ರಮ. ಅವನು ಬರೆದಿರುವುದನ್ನು ನಿಷ್ಠೆಯಿಂದ ಓದುತ್ತಿದ್ದಾನೆ, ಮೇಲಿನ ಸ್ವರ ಒತ್ತಿನ ನಂತರ ಬರುತ್ತದೆ ಎಂಬುದನ್ನು ನಾವು ಕಲಿಸಬೇಕು. ಇಲ್ಲಿ ಮತ್ತೆ ಬೀಜಗಳು: ಎರಡು ಹುಣಸೆ, ಆಮೇಲೆ ಒಂದು ಶೇಂಗಾ.

ಮುಂದಿನ ಹತ್ತು ವಾರ ಸಜಾತೀಯ ಒತ್ತುಗಳು ಮಾತ್ರ. ಕ, ಗ, ಡ, ಬ ಒತ್ತುಗಳು ಮೂಲ ಅಕ್ಷರವನ್ನೇ ಹೋಲುವುದರಿಂದ ಅವು ಮೊದಲು: ಅಕ್ಕ, ಹಗ್ಗ, ಗುಡ್ಡ, ಹಬ್ಬ. ಆಮೇಲೆ ಆಕಾರ ಬದಲಾಗುವ ತ, ನ, ಮ, ಯ, ಲ: ಹತ್ತಿ, ಅನ್ನ, ಅಮ್ಮ, ಅಯ್ಯ, ಬೆಲ್ಲ. ವಿಜಾತೀಯ ಒತ್ತು ಮತ್ತು ಅರ್ಕಾವೊತ್ತು ಅದರಾಚೆ. ಇಂಗ್ಲಿಷ್ ಅಕ್ಷರಗಳ ಸಪ್ಪಳವನ್ನು ಈ ಹಂತ ಮುಗಿಯುವವರೆಗೆ ನಾನು ಮುಟ್ಟುವುದಿಲ್ಲ, ತರಗತಿಯಲ್ಲಿ ಇಂಗ್ಲಿಷ್ ಬಾಯಿಮಾತಿನಲ್ಲಿ ಸಾಗಲಿ ಎಂದು ಶಿಕ್ಷಕರಿಗೆ ತಿಳಿಸಿದ್ದೇನೆ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಂಗವೈಕಲ್ಯವೆಂದು ಗುರುತಿಸಿದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ ಮನಃಶಾಸ್ತ್ರಜ್ಞರ ವರದಿಯ ಜತೆ ಈ ಗ್ರಾಫ್ ಹಾಳೆ, ತಪ್ಪುಗಳ ಪಟ್ಟಿಯನ್ನೂ ಇಡಲು ಮನೆಯವರಿಗೆ ಹೇಳಿದ್ದೇನೆ.

ಶುಕ್ರವಾರದ ಗುಣಿತಾಕ್ಷರದ ಹಾಳೆ ಇನ್ನು ಹದಿನೈದು ದಿನಕ್ಕೊಮ್ಮೆ ಸಾಕು. ನಡುವಿನ ವಾರ ಒತ್ತಕ್ಷರದ 30 ಪದಗಳ ಹಾಳೆ. ಅದರ ಆರಂಭದ ಮೂರು ಅಂಕೆ ಈಗಾಗಲೇ ತೆಗೆದಿದ್ದೇನೆ: 4, 3, 5. ಗುರಿ ಹತ್ತು ವಾರಕ್ಕೆ 14.